ಅಂಕಗಳ ವ್ಯತ್ಯಾಸದಲ್ಲಿ ಶಾಲೆಯ ಪಾಲು ಎಷ್ಟು?

ಪ್ರಶ್ನೆ: ಎಂ.ಎಡ್. ಪ್ರಬಂಧಕ್ಕಾಗಿ ನಮ್ಮ ತಾಲ್ಲೂಕಿನ 40 ಶಾಲೆಗಳಲ್ಲಿ, ಪ್ರತಿ ಶಾಲೆಯಿಂದ 10 ಮಕ್ಕಳಂತೆ, ಎಂಟನೇ ತರಗತಿಯ 400 ಮಕ್ಕಳಿಗೆ ಒಂದೇ ಗಣಿತ ಪರೀಕ್ಷೆ ಕೊಟ್ಟಿದ್ದೇನೆ. ಸರಾಸರಿಯಿಂದ ಇರುವ ದೂರಗಳನ್ನು ವರ್ಗ ಮಾಡಿ ಕೂಡಿ, ಶಾಲೆಗಳ ನಡುವಿನ ವರ್ಗಗಳ ಮೊತ್ತವನ್ನು ಒಟ್ಟು ವರ್ಗಗಳ ಮೊತ್ತದಿಂದ ಭಾಗಿಸಿದರೆ ಶೇಕಡಾ 26 ಬರುತ್ತದೆ. ಮಕ್ಕಳ ಅಂಕದ ಕಾಲು ಭಾಗ ಶಾಲೆಯಿಂದ, ಉಳಿದ ಮುಕ್ಕಾಲು ಭಾಗ ಮನೆಯಿಂದ ಮತ್ತು ಮಗುವಿನಿಂದ ಎಂದು ಬರೆಯಬಹುದೇ?

ಉತ್ತರ: ಹಾಗೆ ಬರೆಯಬೇಡಿ. ಆ ವಾಕ್ಯದಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು ಲೆಕ್ಕದ್ದು: 26 ಎಂಬ ಸಂಖ್ಯೆ ಇರಬೇಕಾದುದಕ್ಕಿಂತ ದೊಡ್ಡದು. ಎರಡನೆಯದು ಅರ್ಥದ್ದು: ಲೆಕ್ಕವನ್ನು ಸರಿಪಡಿಸಿದ ಮೇಲೂ ಬರುವ ಸಂಖ್ಯೆ "ಶಾಲೆಯಿಂದ ಬಂದ ಅಂಕ" ಎಷ್ಟೆಂದು ಹೇಳುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು, ಏಕೆಂದರೆ ಮೊದಲನೆಯದನ್ನು ಕಂಪ್ಯೂಟರ್ ಸರಿಪಡಿಸಬಲ್ಲದು, ಎರಡನೆಯದನ್ನು ಬರೆಯುವವರೇ ಸರಿಪಡಿಸಿಕೊಳ್ಳಬೇಕು.

ಲೆಕ್ಕದಿಂದ ಆರಂಭಿಸೋಣ. ನಿಮ್ಮ 400 ಉತ್ತರಪತ್ರಿಕೆಗಳ ಮೇಲಿನ ಶಾಲೆಯ ಹೆಸರನ್ನು ಮರೆತುಬಿಡಿ. ಎಲ್ಲವನ್ನೂ ಒಟ್ಟಿಗೆ ಹಾಕಿ ಚೆನ್ನಾಗಿ ಕಲಸಿ, ಹತ್ತು ಹತ್ತರಂತೆ 40 ಕಟ್ಟುಗಳನ್ನು ಮಾಡಿ ಎಂದುಕೊಳ್ಳೋಣ. ಈ ಕಟ್ಟುಗಳಿಗೂ ಯಾವ ಶಾಲೆಗೂ ಸಂಬಂಧವಿಲ್ಲ. ಹಾಗಿದ್ದರೂ ಕಟ್ಟುಗಳ ಸರಾಸರಿಗಳು ಒಂದೇ ಆಗಿರುವುದಿಲ್ಲ. ಒಂದು ಕಟ್ಟಿನಲ್ಲಿ ಜಾಣ ಮಕ್ಕಳ ಪತ್ರಿಕೆಗಳು ನಾಲ್ಕು ಹೆಚ್ಚು ಸೇರಿರುತ್ತವೆ, ಇನ್ನೊಂದರಲ್ಲಿ ಕಡಿಮೆ. ಈ ಕಟ್ಟುಗಳನ್ನೇ ಶಾಲೆಗಳೆಂದು ಭಾವಿಸಿ ನೀವು ಮಾಡಿದ ಭಾಗಾಕಾರವನ್ನೇ ಮಾಡಿದರೆ ಸರಾಸರಿಯಾಗಿ ಎಷ್ಟು ಬರುತ್ತದೆ ಎಂಬುದಕ್ಕೆ ನಿಖರವಾದ ಉತ್ತರವಿದೆ: ಕಟ್ಟುಗಳ ಸಂಖ್ಯೆಯಲ್ಲಿ ಒಂದು ಕಳೆದು, ಅದನ್ನು ಒಟ್ಟು ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದುದರಿಂದ ಭಾಗಿಸಬೇಕು. ಅಂದರೆ 39ನ್ನು 399ರಿಂದ ಭಾಗಿಸಿದರೆ ಶೇಕಡಾ 9.8. ಶಾಲೆಯೇ ಇಲ್ಲದ ಕಡೆಯೂ ಈ ವಿಧಾನ ಸುಮಾರು ಶೇಕಡಾ ಹತ್ತು ಪಾಲನ್ನು "ಶಾಲೆ"ಗೆ ಕೊಟ್ಟುಬಿಡುತ್ತದೆ. ನಿಮ್ಮ 26ರೊಳಗೆ ಈ ಆಕಸ್ಮಿಕವೂ ಸೇರಿಕೊಂಡಿದೆ.

ಹಾಗೆಂದು 26ರಿಂದ 9.8ನ್ನು ನೇರವಾಗಿ ಕಳೆಯುವುದೂ ಸರಿಯಲ್ಲ. ಆಕಸ್ಮಿಕದ ಪ್ರಮಾಣವು ಶಾಲೆಯೊಳಗಿನ ಹರವನ್ನು ಅವಲಂಬಿಸಿರುತ್ತದೆ, ಒಟ್ಟು ಹರವನ್ನಲ್ಲ. ಸರಿಯಾದ ಲೆಕ್ಕ ಹೀಗಿದೆ. ಓದಲು ಸುಲಭವಾಗಲೆಂದು ನಿಮ್ಮ ಒಟ್ಟು ವರ್ಗಗಳ ಮೊತ್ತ 40,000 ಎಂದಿಟ್ಟುಕೊಳ್ಳುತ್ತೇನೆ. ಅಂಕಗಳ ಮಾನಕ ವಿಚಲನೆ ಸುಮಾರು 10 ಇದ್ದಾಗ ಇಷ್ಟೇ ಆಗುತ್ತದೆ. ಅದರ ಶೇಕಡಾ 26, ಎಂದರೆ 10,400, ಶಾಲೆಗಳ ನಡುವಿನದು. ಉಳಿದ 29,600 ಶಾಲೆಗಳ ಒಳಗಿನದು. ಮೊದಲನೆಯದನ್ನು ಅದರ ಡಿಗ್ರೀಸ್ ಆಫ್ ಫ್ರೀಡಂ ಆದ 39ರಿಂದ ಭಾಗಿಸಿದರೆ 266.7 ಬರುತ್ತದೆ. ಎರಡನೆಯದನ್ನು 400ರಲ್ಲಿ 40 ಕಳೆದ 360ರಿಂದ ಭಾಗಿಸಿದರೆ 82.2 ಬರುತ್ತದೆ. ಶಾಲೆಗಳಲ್ಲಿ ನಿಜವಾದ ಭೇದವೇ ಇಲ್ಲದಿದ್ದರೆ ಈ ಎರಡು ಸಂಖ್ಯೆಗಳು ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಅವುಗಳ ನಡುವಿನ ಅಂತರ 184.5. ಪ್ರತಿ ಶಾಲೆಯಿಂದ ಹತ್ತು ಮಕ್ಕಳಿರುವುದರಿಂದ ಅದನ್ನು 10ರಿಂದ ಭಾಗಿಸಿದರೆ ಶಾಲೆಗಳ ನಡುವಿನ ವೇರಿಯನ್ಸ್, ಎಂದರೆ ವರ್ಗದಲ್ಲಿ ಅಳೆದ ಹರವು, 18.4 ಎಂದು ಸಿಗುತ್ತದೆ. ಶಾಲೆಯೊಳಗಿನ ವೇರಿಯನ್ಸ್ 82.2. ಶಾಲೆಗಳ ನಡುವಿನ ಪಾಲು ಎಂದರೆ 18.4ನ್ನು ಎರಡರ ಮೊತ್ತವಾದ 100.6ರಿಂದ ಭಾಗಿಸಿದಾಗ ಬರುವುದು, ಅಂದರೆ ಶೇಕಡಾ 18. ನಿಮ್ಮ 26 ಈಗ 18 ಆಯಿತು.

ಈ ಅನುಪಾತವನ್ನು ಸಂಖ್ಯಾಶಾಸ್ತ್ರದಲ್ಲಿ ಇಂಟ್ರಾಕ್ಲಾಸ್ ಕೋರಿಲೇಷನ್ ಎನ್ನುತ್ತಾರೆ. ಕೋರಿಲೇಷನ್ ಎಂಬ ಹೆಸರು ಏಕೆಂದರೆ, ಒಂದೇ ಶಾಲೆಯಿಂದ ಯಾವುದೇ ಇಬ್ಬರು ಮಕ್ಕಳನ್ನು ಆರಿಸಿದರೆ ಅವರ ಅಂಕಗಳ ನಡುವೆ ನಿರೀಕ್ಷಿಸಬಹುದಾದ ಸಹಸಂಬಂಧವೂ ಇದೇ ಸಂಖ್ಯೆ. ಸೂತ್ರವಾಗಿ ಬರೆಯುವಾಗ ಶಾಲೆಗಳ ನಡುವಿನ ವೇರಿಯನ್ಸನ್ನು τ ಎಂದೂ ಒಳಗಿನದನ್ನು σ² ಎಂದೂ ಗುರುತಿಸುವುದು ರೂಢಿ:

```
ρ = τ / (τ + σ²)
```

ಪ್ರತಿ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಬೇರೆ ಬೇರೆ ಇದ್ದಾಗ ಕೈಲೆಕ್ಕ ತೊಡಕಾಗುತ್ತದೆ. ಆಗ ಮಲ್ಟಿಲೆವೆಲ್ ಮಾಡೆಲ್ ಎಂದು ಕರೆಯುವ ವಿಧಾನವನ್ನು ಬಳಸಬೇಕು. ಅದು ಚಿಕ್ಕ ಶಾಲೆಯ ಸರಾಸರಿಗೆ ಕಡಿಮೆ ತೂಕವನ್ನೂ ದೊಡ್ಡ ಶಾಲೆಯ ಸರಾಸರಿಗೆ ಹೆಚ್ಚು ತೂಕವನ್ನೂ ತಾನೇ ಕೊಡುತ್ತದೆ. ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದು ತರಗತಿಗೆ ನಾಲ್ಕೈದು ಮಕ್ಕಳಿರುವುದು ಅಪರೂಪವಲ್ಲ. ಅಂಥ ಶಾಲೆಗಳ ಸರಾಸರಿಗಳನ್ನು ಹಾಗೆಯೇ ಸಾಲಾಗಿ ಇಟ್ಟರೆ ಪಟ್ಟಿಯ ತುತ್ತತುದಿಯಲ್ಲೂ ಕಟ್ಟಕಡೆಯಲ್ಲೂ ಚಿಕ್ಕ ಶಾಲೆಗಳೇ ಕಾಣಿಸುತ್ತವೆ. ಇದು ಶಾಲೆಯ ಗುಣದಿಂದ ಆದದ್ದಲ್ಲ, ಕಡಿಮೆ ಮಕ್ಕಳ ಸರಾಸರಿ ಸುಲಭವಾಗಿ ಅತ್ತಿತ್ತ ವಾಲುವುದರಿಂದ ಆದದ್ದು.

ನಿಮ್ಮ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಕಲಸುವ ಪ್ರಯೋಗವನ್ನು ನಿಜವಾಗಿಯೂ ಮಾಡಿ ನೋಡಿ. ಎಕ್ಸೆಲ್‌ನಲ್ಲಿ ಶಾಲೆಯ ಕಾಲಂ ಅನ್ನು ಮಾತ್ರ ಯಾದೃಚ್ಛಿಕವಾಗಿ ಅದಲುಬದಲು ಮಾಡಿ, ಅದೇ ಲೆಕ್ಕವನ್ನು ಇಪ್ಪತ್ತು ಮೂವತ್ತು ಸಲ ಮಾಡಿ. ಸರಿಯಾದ ವಿಧಾನವಾದರೆ ಉತ್ತರಗಳು ಸೊನ್ನೆಯ ಆಚೀಚೆ ಬರುತ್ತವೆ, ಕೆಲವು ಋಣ ಸಂಖ್ಯೆಗಳೂ ಆಗುತ್ತವೆ. ಹತ್ತರ ಸುತ್ತ ಬರುತ್ತಿದ್ದರೆ ಆಕಸ್ಮಿಕವನ್ನು ಇನ್ನೂ ಕಳೆದಿಲ್ಲ ಎಂದರ್ಥ.

ಶೇಕಡಾ 18 ಎಂಬುದೂ ಒಂದು ಅಂದಾಜು. 40 ಶಾಲೆ, ತಲಾ 10 ಮಕ್ಕಳ ಮಾದರಿಯಿಂದ ಬಂದ ಈ ಅಂದಾಜು ಎಷ್ಟು ಅತ್ತಿತ್ತ ವಾಲಬಹುದೆಂದು ಹೇಳುವ ಸ್ಟ್ಯಾಂಡರ್ಡ್ ಎರರ್ ಸುಮಾರು 5 ಶೇಕಡಾ ಅಂಶಗಳು. ಅದರ ಎರಡು ಪಟ್ಟನ್ನು ಆಚೀಚೆ ತೆಗೆದುಕೊಂಡರೆ ನಿಜವಾದ ಪಾಲು 8ರಿಂದ 28ರವರೆಗೆ ಎಲ್ಲಿಯಾದರೂ ಇರಬಹುದು. ಈ ಅಗಲವನ್ನು ಕಿರಿದು ಮಾಡಲು ಪ್ರತಿ ಶಾಲೆಯಲ್ಲಿ ಇನ್ನಷ್ಟು ಮಕ್ಕಳಿಗೆ ಪರೀಕ್ಷೆ ಕೊಡುವುದಕ್ಕಿಂತ ಇನ್ನಷ್ಟು ಶಾಲೆಗಳಿಗೆ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಅವೇ 40 ಶಾಲೆಗಳಲ್ಲಿ ತಲಾ 20 ಮಕ್ಕಳನ್ನು ತೆಗೆದುಕೊಂಡರೆ ಸ್ಟ್ಯಾಂಡರ್ಡ್ ಎರರ್ 4.2ಕ್ಕೆ ಇಳಿಯುತ್ತದೆ, ಅದೇ 800 ಮಕ್ಕಳನ್ನು 80 ಶಾಲೆಗಳಿಂದ ತಲಾ ಹತ್ತರಂತೆ ತೆಗೆದುಕೊಂಡರೆ 3.6ಕ್ಕೆ ಇಳಿಯುತ್ತದೆ. ನಿಮ್ಮ ಪ್ರಬಂಧಕ್ಕೆ ಈಗ ಇದನ್ನೆಲ್ಲ ಮತ್ತೆ ಮಾಡಬೇಕಾಗಿಲ್ಲ. ಆದರೆ "ನಮ್ಮ ತಾಲ್ಲೂಕಿನಲ್ಲಿ 18, ಪಕ್ಕದ ತಾಲ್ಲೂಕಿನಲ್ಲಿ 13, ಆದ್ದರಿಂದ ಅಲ್ಲಿ ಸಮಾನತೆ ಹೆಚ್ಚು" ಎಂಬಂಥ ತೀರ್ಮಾನಕ್ಕೆ ಈ ಗಾತ್ರದ ಮಾದರಿ ಸಾಲದು.

ಶೇಕಡಾ 18 ಎಂಬುದು ದೊಡ್ಡದೋ ಚಿಕ್ಕದೋ? ಇದಕ್ಕೆ ಒಂದು ನಿಜವಾದ ದತ್ತಾಂಶವನ್ನು ತೆಗೆದುಕೊಂಡು ಉತ್ತರಿಸುತ್ತೇನೆ. ಅಮೆರಿಕದಲ್ಲಿ 1980ರಲ್ಲಿ "ಹೈಸ್ಕೂಲ್ ಅಂಡ್ ಬಿಯಾಂಡ್" ಎಂಬ ರಾಷ್ಟ್ರೀಯ ಸಮೀಕ್ಷೆ ಆರಂಭವಾಯಿತು. ಅದರಿಂದ ಆಯ್ದ 160 ಪ್ರೌಢಶಾಲೆಗಳ, 7,185 ವಿದ್ಯಾರ್ಥಿಗಳ ಗಣಿತದ ಅಂಕಗಳನ್ನು ಈ ವಿಷಯವನ್ನು ಕಲಿಯುವವರೆಲ್ಲ ಒಮ್ಮೆಯಾದರೂ ಬಳಸಿರುತ್ತಾರೆ. ಅವುಗಳಲ್ಲಿ 90 ಸರ್ಕಾರಿ ಶಾಲೆಗಳು, 70 ಕ್ಯಾಥೊಲಿಕ್ ಶಾಲೆಗಳು. ಅಂಕಗಳು ಸೊನ್ನೆಗಿಂತ ಸ್ವಲ್ಪ ಕೆಳಗಿನಿಂದ 25ರವರೆಗೆ ಹರಡಿವೆ. ಉಚಿತವಾಗಿ ಸಿಗುವ ಆರ್ ತಂತ್ರಾಂಶದಲ್ಲಿ ಈ ದತ್ತಾಂಶವೂ ಸೇರಿರುವುದರಿಂದ ನೀವೇ ಮಾಡಿ ನೋಡಬಹುದು:

```r
install.packages("lme4")
library(lme4)
data(MathAchieve, package = "nlme")
m0 <- lmer(MathAch ~ 1 + (1 | School), data = MathAchieve)
summary(m0)
```

ಇದರಲ್ಲಿ ಯಾವ ವಿವರಣೆಯೂ ಇಲ್ಲ. ಪ್ರತಿ ಅಂಕವನ್ನು ಒಟ್ಟು ಸರಾಸರಿ, ಆ ಶಾಲೆ ಸರಾಸರಿಯಿಂದ ಎಷ್ಟು ದೂರ, ಆ ವಿದ್ಯಾರ್ಥಿ ತನ್ನ ಶಾಲೆಯ ಸರಾಸರಿಯಿಂದ ಎಷ್ಟು ದೂರ ಎಂದು ಮೂರು ತುಂಡು ಮಾಡುವುದಷ್ಟೇ ಇದರ ಕೆಲಸ. ಫಲಿತಾಂಶದಲ್ಲಿ ಒಟ್ಟು ಸರಾಸರಿ 12.64, ಶಾಲೆಗಳ ನಡುವಿನ ವೇರಿಯನ್ಸ್ 8.61, ಶಾಲೆಯೊಳಗಿನದು 39.15 ಎಂದು ಬರುತ್ತದೆ. 8.61ನ್ನು 47.76ರಿಂದ ಭಾಗಿಸಿದರೆ 0.18. ನಿಮ್ಮ ತಿದ್ದಿದ ಸಂಖ್ಯೆಯೂ ಇದೇ ಆಗಿರುವುದು ಆಕಸ್ಮಿಕ, ಆದರೆ ಹೋಲಿಕೆಗೆ ಅನುಕೂಲವಾಯಿತು.

ಈ 0.18ನ್ನು ಮಕ್ಕಳ ಕಡೆಯಿಂದ ನೋಡಿದರೆ ಚಿಕ್ಕದಾಗಿ ಕಾಣುತ್ತದೆ. ಒಂದೇ ಶಾಲೆಯಿಂದ ಇಬ್ಬರನ್ನು ಚೀಟಿ ಎತ್ತಿ ಆರಿಸಿದರೆ ಅವರ ಅಂಕಗಳ ನಡುವಿನ ಅಂತರ ಸರಾಸರಿ 7.1ರಷ್ಟಿರುತ್ತದೆ. ಇಬ್ಬರನ್ನೂ ಬೇರೆ ಬೇರೆ ಶಾಲೆಗಳಿಂದ ಆರಿಸಿದರೆ ಅಂತರ 7.8 ಆಗುತ್ತದೆ. (ಅಂಕಗಳು ಗಂಟೆಯಾಕಾರದಲ್ಲಿ ಹರಡಿವೆ ಎಂದು ಭಾವಿಸಿ ಮಾಡಿದ ಲೆಕ್ಕ ಇದು.) ಶಾಲೆ ಬದಲಾದರೂ ಅಂತರದಲ್ಲಿ ಹೆಚ್ಚಾದದ್ದು ಮುಕ್ಕಾಲು ಅಂಕ ಮಾತ್ರ. ಒಂದೇ ಕೊಠಡಿಯಲ್ಲಿ ಕುಳಿತ ಮಕ್ಕಳ ನಡುವೆ ಇಷ್ಟು ದೊಡ್ಡ ಅಂತರವಿದೆ ಎಂಬುದು ಯಾವ ಶಿಕ್ಷಕರಿಗೂ ಹೊಸ ಸಂಗತಿಯಲ್ಲ.

ಅದೇ 0.18ನ್ನು ಶಾಲೆಯ ಕಡೆಯಿಂದ ನೋಡಿದರೆ ದೊಡ್ಡದಾಗಿ ಕಾಣುತ್ತದೆ. 8.61ರ ವರ್ಗಮೂಲ 2.93; ಇದು ಶಾಲಾ ಸರಾಸರಿಗಳ ಮಾನಕ ವಿಚಲನೆ. ಅಂದರೆ ನೂರರಲ್ಲಿ 95 ಶಾಲೆಗಳ ನಿಜವಾದ ಸರಾಸರಿ 6.9ರಿಂದ 18.4ರ ನಡುವೆ ಹರಡಿದೆ. 25 ಅಂಕಗಳ ಅಳತೆಯಲ್ಲಿ ಇದು ಬಹಳ ಅಗಲವಾದ ಹರವು. ಸರಾಸರಿಗಿಂತ ಒಂದು ಮಾನಕ ವಿಚಲನೆ ಮೇಲಿರುವ ಶಾಲೆಯಿಂದ ಒಬ್ಬ ವಿದ್ಯಾರ್ಥಿಯನ್ನೂ, ಅಷ್ಟೇ ಕೆಳಗಿರುವ ಶಾಲೆಯಿಂದ ಇನ್ನೊಬ್ಬನನ್ನೂ ಆರಿಸಿದರೆ, ನಾಲ್ಕರಲ್ಲಿ ಮೂರು ಸಲ ಮೊದಲನೆಯವನ ಅಂಕವೇ ಹೆಚ್ಚಿರುತ್ತದೆ. ನಾಲ್ಕನೆಯ ಸಲ ಕೆಳಗಿನ ಶಾಲೆಯ ವಿದ್ಯಾರ್ಥಿ ಮುಂದಿರುತ್ತಾನೆ.

ಎರಡು ನೋಟಗಳೂ ನಿಜವೇ. ವೇರಿಯನ್ಸ್ ಎಂಬುದು ವರ್ಗದಲ್ಲಿ ಅಳೆಯುವ ಪ್ರಮಾಣವಾದ್ದರಿಂದ ಅದರ ಶೇಕಡಾ ಪಾಲು ಅಂಕಗಳಲ್ಲಿ ಎಷ್ಟಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಪಾಲು 0.18 ಇದ್ದಾಗ ಅದರ ವರ್ಗಮೂಲ 0.42, ಶಾಲೆಯೊಂದು ಒಂದು ಮಾನಕ ವಿಚಲನೆಯಷ್ಟು ಮೇಲಿದೆ ಎಂದರೆ ಅದರ ಸರಾಸರಿಯು ಎಲ್ಲ ವಿದ್ಯಾರ್ಥಿಗಳ ಹರವಿನ ಅಳತೆಯಲ್ಲಿ 0.42ರಷ್ಟು ಮೇಲಿದೆ ಎಂದರ್ಥ. ಪ್ರಬಂಧದಲ್ಲಿ ಶೇಕಡಾ ಪಾಲನ್ನು ಮಾತ್ರ ಬರೆದು ನಿಲ್ಲಿಸದೆ, ಶಾಲಾ ಸರಾಸರಿಗಳ ಮಾನಕ ವಿಚಲನೆಯನ್ನೂ ಅಂಕಗಳಲ್ಲೇ ಬರೆಯಿರಿ. ನಿಮ್ಮ ದತ್ತಾಂಶದಲ್ಲಿ ಅದು 18.4ರ ವರ್ಗಮೂಲ, ಎಂದರೆ 4.3 ಅಂಕ.

ಪಾಲು ಚಿಕ್ಕದಾಗಿ ಕಂಡರೂ ಅದನ್ನು ಕಡೆಗಣಿಸಿದರೆ ಮುಂದಿನ ಲೆಕ್ಕಗಳೆಲ್ಲ ಕೆಡುತ್ತವೆ ಎಂಬುದಕ್ಕೆ ಇದೇ ದತ್ತಾಂಶ ಸಾಕ್ಷಿ. 7,185 ವಿದ್ಯಾರ್ಥಿಗಳೂ ಪರಸ್ಪರ ಸಂಬಂಧವಿಲ್ಲದವರು ಎಂದು ಭಾವಿಸಿದರೆ ಸರಾಸರಿಯ ಸ್ಟ್ಯಾಂಡರ್ಡ್ ಎರರ್ 0.08 ಎಂದು ಬರುತ್ತದೆ. ಶಾಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮಾಡೆಲ್‌ನಲ್ಲಿ ಅದು 0.24, ಅಂದರೆ ಮೂರು ಪಟ್ಟು. ಒಂದು ಶಾಲೆಯ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಒಂದು ಕಳೆದು, ಪಾಲಿನಿಂದ ಗುಣಿಸಿ, ಒಂದು ಕೂಡಿದರೆ ಸರಾಸರಿಯ ವೇರಿಯನ್ಸ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು ಸಿಗುತ್ತದೆ. ಒಂದು ಶಾಲೆಗೆ ಸುಮಾರು 45 ವಿದ್ಯಾರ್ಥಿಗಳಿರುವಾಗ 1 + 44 × 0.18 ಎಂದರೆ ಸುಮಾರು 9. ಅದರ ವರ್ಗಮೂಲವೇ ಈ ಮೂರು. ಮಾಹಿತಿಯ ದೃಷ್ಟಿಯಿಂದ ಈ ಏಳು ಸಾವಿರ ವಿದ್ಯಾರ್ಥಿಗಳು ಎಂಟುನೂರು ಸ್ವತಂತ್ರ ವಿದ್ಯಾರ್ಥಿಗಳಿಗೆ ಸಮ. ನಿಮ್ಮ 400 ಮಕ್ಕಳಿಗೆ ಇದೇ ಲೆಕ್ಕವನ್ನು ಅನ್ವಯಿಸಿದರೆ 1 + 9 × 0.18 ಎಂದರೆ 2.6, ಹಾಗಾಗಿ ಅವರು ಸುಮಾರು 150 ಮಕ್ಕಳಿಗೆ ಸಮ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಹೋಲಿಸಲು ನೀವು ಸಾಮಾನ್ಯ ಟಿ-ಪರೀಕ್ಷೆಯನ್ನು ಬಳಸಿದ್ದರೆ ಆ ಅಧ್ಯಾಯವನ್ನು ಮತ್ತೆ ಬರೆಯಬೇಕಾಗುತ್ತದೆ. ಅಲ್ಲಿ ಹೋಲಿಸುತ್ತಿರುವುದು 40 ಶಾಲೆಗಳನ್ನೇ ಹೊರತು 400 ಮಕ್ಕಳನ್ನಲ್ಲ.

ಇನ್ನು ಅರ್ಥದ ತೊಂದರೆ. ಇದು ನಿಮ್ಮೊಬ್ಬರ ತಪ್ಪಲ್ಲ. ಅರವತ್ತು ವರ್ಷಗಳಿಂದ ನಡೆದು ಬಂದ ತಪ್ಪು. 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಸರ್ಕಾರಕ್ಕೆ ಒಂದು ವರದಿ ಒಪ್ಪಿಸಿದರು. ಸುಮಾರು ನಾಲ್ಕು ಸಾವಿರ ಶಾಲೆಗಳ ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಆ ಅಧ್ಯಯನದಲ್ಲಿ ಅಂಕಗಳ ವ್ಯತ್ಯಾಸದ ಬಹುಪಾಲು ಶಾಲೆಗಳ ಒಳಗೇ ಇರುವುದು, ಶಾಲೆಗಳ ನಡುವೆ ಇರುವುದು ಸುಮಾರು ಹತ್ತರಿಂದ ಇಪ್ಪತ್ತು ಶೇಕಡಾ ಮಾತ್ರ ಎಂಬುದು ಕಂಡುಬಂತು. ಅದನ್ನು ಓದಿದ ಅನೇಕರು "ಶಾಲೆಯಿಂದ ಏನೂ ಆಗುವುದಿಲ್ಲ, ಎಲ್ಲ ಮನೆಯಿಂದಲೇ" ಎಂದು ಹೇಳಿಬಿಟ್ಟರು. ಸಂಖ್ಯೆ ಹಾಗೆ ಹೇಳುತ್ತಿರಲಿಲ್ಲ.

ಏಕೆ ಹೇಳುತ್ತಿರಲಿಲ್ಲ ಎಂಬುದನ್ನು ಒಂದು ಕಲ್ಪನೆಯಿಂದ ನೋಡೋಣ. ಒಂದು ತಾಲ್ಲೂಕಿನ ಎಲ್ಲ ಶಾಲೆಗಳೂ ಸಮಾನವಾಗಿ ಒಳ್ಳೆಯವು. ಎಂಟನೇ ತರಗತಿಗೆ ಬರುವ ಪ್ರತಿ ಮಗುವಿಗೂ ಬೀಜಗಣಿತವನ್ನು ಮೊದಲಿನಿಂದ ಚೆನ್ನಾಗಿ ಕಲಿಸುತ್ತವೆ ಎಂದುಕೊಳ್ಳಿ. ಶಾಲೆಗೆ ಹೋಗದ ಮಗುವಿಗೆ ಸಮೀಕರಣ ಬಿಡಿಸಲು ಬರುವುದೇ ಇಲ್ಲ. ಅಲ್ಲಿ ಮಕ್ಕಳಿಗೆ ಗೊತ್ತಿರುವ ಬೀಜಗಣಿತವೆಲ್ಲ ಶಾಲೆಯಿಂದಲೇ ಬಂದದ್ದು. ಆದರೆ ಶಾಲೆ ಶಾಲೆಗೆ ಭೇದವಿಲ್ಲದಿರುವುದರಿಂದ ಶಾಲೆಗಳ ನಡುವಿನ ಪಾಲು ಸೊನ್ನೆ. ಶಾಲೆಗಳು ಪರಸ್ಪರ ಎಷ್ಟು ಭಿನ್ನವಾಗಿವೆ ಎಂಬುದನ್ನಷ್ಟೇ ಈ ಅನುಪಾತ ಅಳೆಯುತ್ತದೆ. ಎಲ್ಲ ಶಾಲೆಗಳೂ ಒಂದೇ ರೀತಿ ಕೊಡುವುದು ಅದರ ಕಣ್ಣಿಗೆ ಬೀಳುವುದಿಲ್ಲ, ಎಲ್ಲ ಶಾಲೆಗಳೂ ಒಂದೇ ರೀತಿ ಕೊಡದಿರುವುದೂ ಬೀಳುವುದಿಲ್ಲ.

ಇದಕ್ಕೆ ವಿರುದ್ಧವಾದುದೂ ಆಗುತ್ತದೆ. ಶಾಲೆಗಳು ಕಲಿಸುವುದರಲ್ಲಿ ಯಾವ ಭೇದವೂ ಇಲ್ಲದೆ, ಮಕ್ಕಳನ್ನು ಮೊದಲೇ ಬೇರ್ಪಡಿಸಿ ಕಳಿಸುವುದರಿಂದಲೇ ಪಾಲು ದೊಡ್ಡದಾಗಬಹುದು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ಕೊಡುವ ಪೀಸಾ ಪರೀಕ್ಷೆಯ 2003ರ ಗಣಿತದ ಅಂಕಗಳಲ್ಲಿ ಫಿನ್ಲೆಂಡಿನ ಶಾಲೆಗಳ ನಡುವಿನ ಪಾಲು ಶೇಕಡಾ ಹತ್ತಕ್ಕೂ ಕಡಿಮೆ, ಜರ್ಮನಿಯಲ್ಲಿ ಅರ್ಧಕ್ಕೂ ಹೆಚ್ಚು. ಜರ್ಮನಿಯ ಬಹುತೇಕ ಭಾಗಗಳಲ್ಲಿ ಮಕ್ಕಳನ್ನು ಸುಮಾರು ಹತ್ತನೆಯ ವಯಸ್ಸಿಗೆ, ಪ್ರಾಥಮಿಕ ಶಾಲೆಯ ಸಾಧನೆಯ ಆಧಾರದ ಮೇಲೆ, ಬೇರೆ ಬೇರೆ ಬಗೆಯ ಪ್ರೌಢಶಾಲೆಗಳಿಗೆ ಕಳಿಸಲಾಗುತ್ತದೆ. ಫಿನ್ಲೆಂಡಿನಲ್ಲಿ ಹದಿನಾರರವರೆಗೆ ಎಲ್ಲರಿಗೂ ಒಂದೇ ಬಗೆಯ ಶಾಲೆ. ಹದಿನೈದನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಜರ್ಮನಿಯ ಶಾಲೆಗಳ ನಡುವೆ ಕಾಣುವ ಅಂತರದಲ್ಲಿ ಈ ವಿಂಗಡಣೆಯ ಪಾಲು ದೊಡ್ಡದು.

ನಿಮ್ಮ ತಾಲ್ಲೂಕಿಗೂ ಇದು ಅನ್ವಯಿಸುತ್ತದೆ. ಆದರ್ಶ ವಿದ್ಯಾಲಯಗಳಿಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳು ಬರುತ್ತಾರೆ. ನಿಮ್ಮ 40 ಶಾಲೆಗಳಲ್ಲಿ ಇಂಥ ಒಂದೆರಡು ಇದ್ದರೆ ಅವುಗಳ ಸರಾಸರಿ ಸಹಜವಾಗಿಯೇ ಮೇಲಿರುತ್ತದೆ, ಅವು ಒಟ್ಟು ಪಾಲನ್ನು ಮೇಲಕ್ಕೆ ಎಳೆಯುತ್ತವೆ. ಅವುಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ ಎರಡನ್ನೂ ಬರೆಯಿರಿ. 18 ಎಂಬುದು 12ಕ್ಕೆ ಇಳಿದರೆ ಅದೇ ಒಂದು ಫಲಿತಾಂಶ.

ಪ್ರವೇಶ ಪರೀಕ್ಷೆ ಇಲ್ಲದ ಕಡೆಯೂ ವಿಂಗಡಣೆ ನಡೆಯುತ್ತದೆ. ಶುಲ್ಕ, ಮಾಧ್ಯಮ, ಊರು, ಜಾತಿ ಇವೆಲ್ಲ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಹಂಚುತ್ತವೆ. ಇದರ ಗಾತ್ರ ಎಷ್ಟಿರಬಹುದೆಂದು ತಿಳಿಯಲು ಅಮೆರಿಕದ ದತ್ತಾಂಶಕ್ಕೆ ಇನ್ನೊಮ್ಮೆ ಹೋಗೋಣ. ಅದರಲ್ಲಿ ಪ್ರತಿ ವಿದ್ಯಾರ್ಥಿಯ ಮನೆಯ ಸಾಮಾಜಿಕ-ಆರ್ಥಿಕ ಸ್ಥಿತಿಯ ಒಂದು ಸೂಚ್ಯಂಕವಿದೆ, ಅದರ ಶಾಲಾವಾರು ಸರಾಸರಿಯೂ ಇದೆ. ಆ ಸರಾಸರಿಯೊಂದನ್ನೇ ಮಾಡೆಲ್‌ಗೆ ಸೇರಿಸೋಣ:

```r
m1 <- lmer(MathAch ~ MEANSES + (1 | School), data = MathAchieve)
```

ಶಾಲೆಗಳ ನಡುವಿನ ವೇರಿಯನ್ಸ್ 8.61ರಿಂದ 2.64ಕ್ಕೆ ಕುಸಿಯುತ್ತದೆ. ಒಳಗಿನದು 39.16, ಅಂದರೆ ಕದಲಿಲ್ಲ. ಶಾಲೆಯ ಸರಾಸರಿಯೊಂದು ಆ ಶಾಲೆಯ ಮಕ್ಕಳ ನಡುವಿನ ಭೇದವನ್ನು ವಿವರಿಸಲು ಸಾಧ್ಯವೂ ಇಲ್ಲ. ಶಾಲೆಗಳ ನಡುವೆ ಇದ್ದ ವ್ಯತ್ಯಾಸದ ಶೇಕಡಾ 69ರಷ್ಟು ಈ ಒಂದೇ ಒಂದು ಅಂಶದೊಂದಿಗೆ ಹೆಣೆದುಕೊಂಡಿದೆ. ಉಳಿದ ಪಾಲನ್ನು ಲೆಕ್ಕ ಹಾಕಿದರೆ ಶೇಕಡಾ 6 ಮಾತ್ರ.

ಹಾಗಾದರೆ ಶಾಲೆಯ ನಿಜವಾದ ಪಾಲು 18 ಅಲ್ಲ, 6 ಎನ್ನೋಣವೇ? ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅನುಕೂಲಸ್ಥರ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಅನುಭವಿ ಶಿಕ್ಷಕರು ಉಳಿಯುವುದು, ಗಣಿತದ ಮುಂದಿನ ಹಂತದ ಪಾಠಗಳು ನಡೆಯುವುದು, ಸಹಪಾಠಿಗಳಿಂದಲೇ ಒಂದಿಷ್ಟು ಕಲಿಯುವುದು ಸಹಜ. ಅವೆಲ್ಲ ಶಾಲೆಯ ಕೊಡುಗೆಯೇ. ಸಾಮಾಜಿಕ-ಆರ್ಥಿಕ ಸರಾಸರಿಯನ್ನು ಲೆಕ್ಕದಿಂದ ಕಳೆದಾಗ ಅವುಗಳನ್ನೂ ಅದರ ಜೊತೆಗೇ ಕಳೆದಿರುತ್ತೇವೆ. ಆದ್ದರಿಂದ 18ರಲ್ಲಿ ಮಕ್ಕಳ ವಿಂಗಡಣೆ ಬೆರೆತಿದೆ, 6ರಿಂದ ಶಾಲೆಯ ಕೆಲಸದ ಒಂದು ಭಾಗವೇ ಬಿಟ್ಟುಹೋಗಿದೆ. ಒಂದೇ ದಿನ ಕೊಟ್ಟ ಒಂದೇ ಪರೀಕ್ಷೆಯಿಂದ ಇವೆರಡನ್ನೂ ಬಿಡಿಸಿ ಇಡಲು ಬರುವುದಿಲ್ಲ. ಅದಕ್ಕೆ ಅದೇ ಮಕ್ಕಳ ಹಿಂದಿನ ವರ್ಷದ ಅಂಕಗಳಾದರೂ ಬೇಕು.

ನಿಮ್ಮ ವಾಕ್ಯದ ಎರಡನೆಯ ಭಾಗ, "ಉಳಿದದ್ದು ಮನೆಯಿಂದ ಮತ್ತು ಮಗುವಿನಿಂದ" ಎಂಬುದು, ಇನ್ನೂ ಹೆಚ್ಚು ಅಪಾಯಕಾರಿ. ಶಾಲೆಯೊಳಗಿನ 82ರಲ್ಲಿ ಶಾಲೆಯದೇ ಆದ ಎಷ್ಟೋ ಸಂಗತಿಗಳು ಅಡಗಿವೆ. ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ಬೇರೆ ಬೇರೆ ಗಣಿತ ಶಿಕ್ಷಕರಿದ್ದು, ನಿಮ್ಮ ಹತ್ತು ಮಕ್ಕಳು ಎರಡೂ ಸೆಕ್ಷನ್ನಿನಿಂದ ಬಂದಿದ್ದರೆ ಆ ಶಿಕ್ಷಕರ ನಡುವಿನ ಭೇದ ಒಳಗಿನ ಪಾಲಿಗೆ ಸೇರುತ್ತದೆ. ಹತ್ತೂ ಮಕ್ಕಳು ಒಂದೇ ಸೆಕ್ಷನ್ನಿನವರಾಗಿದ್ದರೆ ಅದೇ ಭೇದ ಶಾಲೆಗಳ ನಡುವಿನ ಪಾಲಿಗೆ ಸೇರುತ್ತದೆ. ಮುಂದಿನ ಬೆಂಚಿನವರಿಗೆ ಪಾಠ ಮಾಡಿ ಹಿಂದಿನ ಬೆಂಚಿನವರನ್ನು ಕೈಬಿಟ್ಟರೆ ಅದೂ ಒಳಗಿನ ಪಾಲೇ, ಆದರೆ ಮಾಡಿದ್ದು ಶಾಲೆ. ಇವುಗಳ ಜೊತೆಗೆ ಪರೀಕ್ಷೆಯ ಅಳತೆಯ ದೋಷವೂ ಒಳಗಿನ ಪಾಲಿಗೇ ಸೇರುತ್ತದೆ. ನಿಮ್ಮ ಪರೀಕ್ಷೆಯ ವಿಶ್ವಸನೀಯತೆ 0.80 ಎಂದುಕೊಂಡರೆ, ಒಟ್ಟು ನೂರರಲ್ಲಿ 20ರಷ್ಟು ಬರೀ ಅಳತೆಯ ದೋಷ: ಅಂದು ಜ್ವರವಿದ್ದುದು, ಊಹಿಸಿ ಬರೆದದ್ದು ಸರಿಯಾದದ್ದು, ಇಂಥವು. ಅದನ್ನು ತೆಗೆದು ನೋಡಿದರೆ ಶಾಲೆಗಳ ನಡುವಿನ ಪಾಲು 18ರಿಂದ 23ರ ಹತ್ತಿರಕ್ಕೆ ಏರುತ್ತದೆ. ಪ್ರಶ್ನೆಗಳು ಕಡಿಮೆಯಿದ್ದಷ್ಟೂ ಈ ದೋಷ ಹೆಚ್ಚು, ಶಾಲೆಯ ಪಾಲು ಅಷ್ಟೇ ಚಿಕ್ಕದಾಗಿ ಕಾಣುತ್ತದೆ.

ಪ್ರಬಂಧ ಒಪ್ಪಿಸುವ ಮೊದಲು ಒಂದು ಚಿತ್ರವನ್ನು ಬರೆದು ನೋಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಅಡ್ಡಗೆರೆಯಲ್ಲಿ ಪ್ರತಿ ಶಾಲೆಯ ಸರಾಸರಿ, ಉದ್ದಗೆರೆಯಲ್ಲಿ ಆ ಶಾಲೆಯೊಳಗಿನ ಮಾನಕ ವಿಚಲನೆ. ಒಂದು ಶಾಲೆಗೆ ಒಂದು ಚುಕ್ಕೆ. ಚುಕ್ಕೆಗಳು ಒಂದು ಅಡ್ಡ ಪಟ್ಟಿಯಂತೆ ಹರಡಿದ್ದರೆ ಸರಿ. ಬಲಗಡೆ ಕೆಳಮೂಲೆಯಲ್ಲಿ, ಎಂದರೆ ಸರಾಸರಿ ತುಂಬ ಹೆಚ್ಚು ಆದರೆ ಹರವು ತುಂಬ ಕಡಿಮೆ ಇರುವ ಜಾಗದಲ್ಲಿ, ಕೆಲವು ಚುಕ್ಕೆಗಳು ಒಂಟಿಯಾಗಿ ನಿಂತಿದ್ದರೆ ಆ ಶಾಲೆಗಳ ಉತ್ತರಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ಓದಬೇಕು. ಪರೀಕ್ಷೆ ತೀರ ಸುಲಭವಾಗಿ ಎಲ್ಲರೂ ಪೂರ್ಣಾಂಕದ ಹತ್ತಿರ ಬಂದಿರಬಹುದು. ಕರಿಹಲಗೆಯ ಮೇಲೆ ಉತ್ತರ ಬರೆದುಕೊಟ್ಟಿರಬಹುದು. ಹಿಂದೊಮ್ಮೆ ನನ್ನ ಕೈಗೆ ಬಂದ ಒಂದು ಜಿಲ್ಲೆಯ ದತ್ತಾಂಶದಲ್ಲಿ ಇಂಥ ಮೂರು ಚುಕ್ಕೆಗಳಿದ್ದವು. ಆ ಮೂರೂ ಶಾಲೆಗಳ ಮಕ್ಕಳು ಒಂದೇ ಪ್ರಶ್ನೆಯಲ್ಲಿ ಒಂದೇ ಕೂಡುವ ತಪ್ಪನ್ನು ಮಾಡಿದ್ದರು. ಅಂಥ ಶಾಲೆಗಳು ನಡುವಿನ ವೇರಿಯನ್ಸನ್ನು ಹಿಗ್ಗಿಸುತ್ತವೆ, ಒಳಗಿನದನ್ನು ಕುಗ್ಗಿಸುತ್ತವೆ. ಎರಡೂ ಸೇರಿ ಪಾಲನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ.

ಇದೇ ಬಗೆಯ ಇನ್ನೊಂದು ಮೂಲ ಮೌಲ್ಯಮಾಪನ. ಉತ್ತರಪತ್ರಿಕೆಗಳನ್ನು ಆಯಾ ಶಾಲೆಯ ಶಿಕ್ಷಕರೇ ತಿದ್ದಿದ್ದರೆ ಒಬ್ಬರ ಧಾರಾಳತನ ಮತ್ತು ಇನ್ನೊಬ್ಬರ ಬಿಗಿ ಎರಡೂ ಶಾಲೆಗಳ ನಡುವಿನ ಭೇದವಾಗಿ ಕಾಣಿಸಿಕೊಳ್ಳುತ್ತವೆ. ನೀವೇ ಎಲ್ಲವನ್ನೂ ತಿದ್ದಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ ಪ್ರತಿ ಶಾಲೆಯಿಂದ ಎರಡೆರಡು ಪತ್ರಿಕೆಗಳನ್ನು ತೆಗೆದು, ಶಾಲೆಯ ಹೆಸರು ಮುಚ್ಚಿ, ಒಬ್ಬರೇ ಮತ್ತೆ ತಿದ್ದಿ ಹೋಲಿಸಿ.

ಇವೆಲ್ಲ ಮುಗಿದ ಮೇಲೆ ನಿಮ್ಮ ಪ್ರಬಂಧದ ವಾಕ್ಯವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಎಂಟನೇ ತರಗತಿಯ ಗಣಿತದ ಅಂಕಗಳಲ್ಲಿ ಕಂಡುಬಂದ ವ್ಯತ್ಯಾಸದ ಸುಮಾರು ಶೇಕಡಾ 18 ಶಾಲೆಗಳ ನಡುವೆ ಇದೆ, 40 ಶಾಲೆಗಳ ಮಾದರಿಯಾದ್ದರಿಂದ ಈ ಪಾಲು 8ರಿಂದ 28ರವರೆಗೆ ಇರಬಹುದು. ಶಾಲಾ ಸರಾಸರಿಗಳ ಮಾನಕ ವಿಚಲನೆ 4.3 ಅಂಕ. ಈ ಪಾಲಿನಲ್ಲಿ ಶಾಲೆಗಳ ಬೋಧನೆಯ ಭೇದ ಮತ್ತು ಶಾಲೆಗಳಿಗೆ ಸೇರುವ ಮಕ್ಕಳ ಹಿನ್ನೆಲೆಯ ಭೇದ ಎರಡೂ ಸೇರಿವೆ. ಅವುಗಳನ್ನು ಬೇರ್ಪಡಿಸಲು ಈ ದತ್ತಾಂಶದಿಂದ ಸಾಧ್ಯವಿಲ್ಲ." 4.3 ಎಂಬಲ್ಲಿ ನಾನು ಊಹಿಸಿದ ಹರವಿನ ಬದಲು ನಿಮ್ಮ ದತ್ತಾಂಶದ ನಿಜವಾದ ಸಂಖ್ಯೆಯನ್ನು ಹಾಕಿಕೊಳ್ಳಿ.